ಬಲ್ಬಿನ ಹಳದಿ, ಅರಿಶಿನದ ಹಳದಿ

ರಾಯದುರ್ಗದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹೊನ್ನೂರಪ್ಪನ ಸ್ಟುಡಿಯೋ ಇದೆ. ಮೇಲಿನ ಮಹಡಿಯಲ್ಲಿ ಜೀನ್ಸ್ ಹೊಲಿಯುವ ಮಿಷನ್ನುಗಳು ಬೆಳಗಿನಿಂದ ಗರ್ ಅನ್ನುತ್ತಿರುತ್ತವೆ. ಕೆಳಗೆ ಶಿವಲೀಲಾ ಕಂಪ್ಯೂಟರಿನ ಮುಂದೆ ಕೂತು ಕಂಡವರ ಮದುವೆ, ಕಂಡವರ ಸೀಮಂತ, ಕಂಡವರ ಮಕ್ಕಳ ಹುಟ್ಟುಹಬ್ಬ ತಿದ್ದುತ್ತಿರುತ್ತಾಳೆ. ತಿದ್ದುವುದು ಅಂದರೆ ಮುಕ್ಕಾಲು ಪಾಲು ಹಳದಿ ತೆಗೆಯುವುದೇ. ನಮ್ಮ ಜನ ಮನೆಯೊಳಗೆ ಕಾರ್ಯ ಇಟ್ಟುಕೊಂಡರೆ ಸಾಕು, ಹಳದಿ ಬಲ್ಬಿನ ಸರ ಬಿಡಬೇಕು, ಹಿಂದೆ ಹಳದಿ ಪರದೆ ಕಟ್ಟಬೇಕು, ಅದು ಸಾಲದೆ ಚೆಂಡುಹೂವು ಸುರಿಯಬೇಕು. ನಮ್ಮ ಕಣ್ಣು ಜಾಣ. ಆ ಬೆಳಕಿಗೆ ಒಗ್ಗಿಕೊಂಡು ಬಿಳಿಯನ್ನು ಬಿಳಿ ಅಂತಲೇ ನೋಡುತ್ತದೆ. ಕ್ಯಾಮೆರಾಗೆ ಆ ಜಾಣತನ ಎಲ್ಲಿಂದ ಬರಬೇಕು! ಬಲ್ಬು ಹಳದಿಯಾದರೆ ಅದರ ಪಾಲಿಗೆ ಅತ್ತೆ ಸೊಸೆ ಗೋಡೆ ಪಂಚೆ ಎಲ್ಲ ಹಳದಿ.

ಆ ಹಳದಿ ಇಳಿಸುವುದರಲ್ಲಿ ಶಿವಲೀಲಾಳ ಕೈ ಪಳಗಿತ್ತು. ಅದಕ್ಕೇ ಬಳ್ಳಾರಿಯಿಂದ, ಕಲ್ಯಾಣದುರ್ಗದಿಂದ, ಅಷ್ಟು ದೂರದ ಮಡಕಶಿರಾದಿಂದ ಕೂಡ ಫೋಟೋಗ್ರಾಫರುಗಳು ಫೈಲು ಕಳಿಸುತ್ತಿದ್ದರು. ಮಡಕಶಿರಾದ ರಘುನಾಥ್ ಅಂಥವರಲ್ಲಿ ಒಬ್ಬ. ಒಳ್ಳೆಯ ಮನುಷ್ಯನೇ, ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವನು. ಸೀಮಂತ ಮುಗಿದು ಜನ ಊಟಕ್ಕೆ ಕೂರುವ ಮೊದಲೇ ಸ್ಟೇಟಸ್‌ಗೆ ನಾಲ್ಕು ಫೋಟೋ ಬೇಕು ಅಂತ ಪ್ರಾಣ ಹಿಂಡುತ್ತಿದ್ದ.

ಮಡಕಶಿರಾ ಹತ್ತಿರದ ಅಗಳಿ ಕಡೆಯ ಹಳ್ಳಿಯೊಂದರ ಸೀಮಂತದ ಫೋಟೋಗಳು ಹಾಗೆಯೇ ಬಂದವು. ಹುಡುಗಿ ಆಶಾರಾಣಿ, ಗಂಡ ಗೋವರ್ಧನ್. ಹಿಂದಿನ ಬ್ಯಾನರಿನ ಮೇಲೆ ಇಬ್ಬರ ಹೆಸರೂ ಇತ್ತು. ಶಿವಲೀಲಾ ಹುಡುಗಿಯೊಬ್ಬಳ ಮುಖವೇ ಇರುವ ನಾಲ್ಕು ಚಿತ್ರ ಆರಿಸಿಕೊಂಡಳು. ಅಬ್ಬಾ, ಎಷ್ಟು ಹಳದಿ! ಟೆಂಪರೇಚರ್ ಸ್ಲೈಡರನ್ನು ನೀಲಿಯ ಕಡೆಗೆ ಎಳೆದಳು, ಸಾಲಲಿಲ್ಲ. ಇನ್ನಷ್ಟು ಎಳೆದಳು. ಮುಖ ಮನುಷ್ಯರ ಮುಖದ ಹಾಗೆ ಕಾಣುವವರೆಗೂ ಎಳೆದಳು. ಆಮೇಲೆ ಯಾವಾಗಲೂ ಮಾಡುವ ಹಾಗೆ ಕಣ್ಣು ಹಲ್ಲು ಬೆಳ್ಳಗೆ ಮಾಡುವ ಬ್ರಷ್ ಓಡಿಸಿದಳು. ಕಳಿಸಿದಳು. ಕೈ ತೊಳೆದುಕೊಂಡಳು.

ಇಲ್ಲೇ ಅವಳು ಎಡವಿದ್ದು. ಬಣ್ಣ ತಿದ್ದುವವರು ಮುಖ ನೋಡಿ ತಿದ್ದಬಾರದು. ಚಿತ್ರದಲ್ಲಿ ನಿಜವಾಗಿ ಬಿಳಿಯೋ ಬೂದು ಬಣ್ಣವೋ ಇರುವ ವಸ್ತು ಹುಡುಕಿ, ಇದೇ ಬಿಳಿ ಅಂತ ಕಂಪ್ಯೂಟರಿಗೆ ತೋರಿಸುವ ಡ್ರಾಪರನ್ನು ಅದರ ಮೇಲೆ ಒತ್ತಿ, ಅದು ಬಿಳಿಯಾದಾಗ ಮುಖ ಹೇಗೆ ಬರುತ್ತದೋ ಹಾಗೆ ಬಿಡಬೇಕು. ಇದು ಶಿವಲೀಲಾಗೆ ಗೊತ್ತಿರಲಿಲ್ಲ ಅಂತಲ್ಲ, ಕೇಳಿದವರಿಗೆ ಪಾಠ ಹೇಳುವಷ್ಟು ಗೊತ್ತಿತ್ತು. ಅವಸರ, ಇನ್ನೇನು. ಅವಸರದ ಅಡುಗೆಗೆ ಉಪ್ಪು ಯಾರು ನೋಡುತ್ತಾರೆ.

ಮರುದಿನ ಬೆಳಿಗ್ಗೆ ರಘುನಾಥನ ಫೋನು ಬಂತು.

"ಶಿವಲೀಲಮ್ಮ, ಏನ್ ತಾಯಿ ಹಿಂಗ್ ಮಾಡಿದ್ದೀಯ? ಗಿಣಿ ಹಸಿರು ಸೀರೆ, ನವಿಲು ಬಣ್ಣ ಆಗ್ಬಿಟ್ಟೈತೆ ಅಂತ ಮನೆಯೋರು ಒಂದೇ ಸಮ ಬೈತಾವ್ರೆ. ತವರಿನೋರು ಹುಡುಕಿ ಹುಡುಕಿ ತಂದಿದ್ದಂತೆ ಆ ಸೀರೆ."

"ಹೌದೇನ್ರಿ? ನೋಡ್ತೀನ್ರಿ ಅಣ್ಣ. ಭಾಳ ನೀಲಿ ಎಳದೀನಿ ಅಂತ ಕಾಣತ್ತ."

"ಕಾಣೋದೇನು, ಎಳ್ದಿದ್ದೀಯ. ಸರಿ ಮಾಡಿ ಕಳ್ಸು. ನಾನಿವತ್ತು ರೊಳ್ಳ ಊರಾಗೆ ಗೃಹಪ್ರವೇಶದಲ್ಲಿರ್ತೀನಿ, ಫೋನ್ ಎತ್ತಲ್ಲ."

ಹೊನ್ನೂರಪ್ಪ ಪಕ್ಕದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ನಕ್ಕ. "ನಿನಗೂ ಬಣ್ಣ ತಪ್ಪತೈತಿ ಅಂದಂಗಾತು ಬಿಡವ್ವಾ." ಶಿವಲೀಲಾ ಮುಖ ಬಿಗಿದುಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು.

ಅದೇ ತಿದ್ದುಪಡಿಯನ್ನು ಗುಂಪಿನ ಫೋಟೋಕ್ಕೆ ಹಾಕಿ ನೋಡಿದಳು. ಅಯ್ಯಯ್ಯೋ! ಸುತ್ತ ಕೂತ ಮುತ್ತೈದೆಯರೆಲ್ಲ ನೀರಲ್ಲಿ ನೆನೆದ ಹೆಣದ ಹಾಗೆ ನೀಲಿ ತಿರುಗಿದ್ದರು. ಬಾಗಿಲ ಬಳಿ ನಿಂತಿದ್ದ ಹುಡುಗಿಯ ಮಾವ ಚಿಕ್ಕತಿಮ್ಮಯ್ಯನ ಪಂಚೆ ಆಕಾಶದ ಬಣ್ಣವಾಗಿತ್ತು. ಒಬ್ಬಳೇ ಒಬ್ಬಳು ಸರಿಯಾಗಿ ಕಾಣುತ್ತಿದ್ದಳು, ನಡುವೆ ಮಣೆಯ ಮೇಲೆ ಕೂತ ಆಶಾರಾಣಿ. ಒಂದೇ ಬೆಳಕಿನ ಕೆಳಗೆ ಕೂತ ಇಷ್ಟು ಜನರಲ್ಲಿ ಒಬ್ಬಳಿಗೆ ಮಾತ್ರ ಒಂದು ತಿದ್ದುಪಡಿ ಹೊಂದುವುದು ಹೇಗೆ?

ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದಳು. ಡ್ರಾಪರ್ ತೆಗೆದುಕೊಂಡು ಚಿಕ್ಕತಿಮ್ಮಯ್ಯನ ಪಂಚೆಯ ಮೇಲೆ ಒತ್ತಿದಳು. ಸೀರೆ ಗಿಣಿ ಹಸಿರಿಗೆ ಬಂತು. ಮುತ್ತೈದೆಯರಿಗೆ ಜೀವ ಬಂತು. ಆಶಾರಾಣಿ ಹಳದಿಯಾದಳು.

ಅರಿಶಿನ ಇರಬೇಕು ಅಂದುಕೊಂಡಳು. ಸೀಮಂತದ ಹೆಣ್ಣಿಗೆ ಬಂದ ಮುತ್ತೈದೆಯರೆಲ್ಲ ಕೆನ್ನೆಗೆ, ಕೈಗೆ, ಪಾದಕ್ಕೆ ಅರಿಶಿನ ಬಳಿದಿರುತ್ತಾರೆ. ಹಳದಿಯಾಗದೆ ಇನ್ನೇನಾದಾಳು? ಸಮಾಧಾನವೂ ಆಯಿತು. ಹಾಗೆಂದೇ ಅಭ್ಯಾಸದಂತೆ ಕಣ್ಣು ಬೆಳ್ಳಗೆ ಮಾಡಲು ಚಿತ್ರವನ್ನು ದೊಡ್ಡದು ಮಾಡಿದಳು. ಬ್ರಷ್ ಹಿಡಿದ ಕೈ ಅಲ್ಲೇ ನಿಂತಿತು.

ಕಣ್ಣಿನ ಬಿಳಿ ಬಿಳಿಯಾಗಿರಲಿಲ್ಲ. ಬೇಯಿಸಿದ ಮೊಟ್ಟೆಯ ಒಳಗಿನ ಹಳದಿ ತುಸು ನೀರಾಡಿದರೆ ಹೇಗಿರುತ್ತದೋ ಹಾಗಿತ್ತು. ಕೆನ್ನೆಗೆ ಅರಿಶಿನ ಬಳಿಯುತ್ತಾರೆ, ಕಣ್ಣೊಳಗೆ ಯಾರು ಬಳಿಯುತ್ತಾರೆ?

ಥೂ, ನನ್ನದೇ ತಪ್ಪಿರಬೇಕು ಅಂದುಕೊಂಡು ತಪ್ಪು ಹುಡುಕತೊಡಗಿದಳು. ತಪ್ಪು ಸಿಗಲಿ ಅಂತ ಅವಳು ಯಾವತ್ತೂ ಇಷ್ಟು ಆಸೆಯಿಂದ ಹುಡುಕಿರಲಿಲ್ಲ. ಒಂದು ಸಿಕ್ಕಿತು ಕೂಡ. ಹಳ್ಳಿಯ ಯಜಮಾನರ ಪಂಚೆ ಅಂದರೆ ನೀಲಿಯಲ್ಲಿ ಅದ್ದಿ ಒಣಗಿಸಿದ್ದು. ಕಣ್ಣಿಗೆ ಬಿಳಿ ಅನ್ನಿಸಿದರೂ ಒಳಗೆ ನೀಲಿ ಇರುತ್ತದೆ. ಅಂಥ ಬಟ್ಟೆಯ ಮೇಲೆ ಡ್ರಾಪರ್ ಒತ್ತಿದರೆ ಕಂಪ್ಯೂಟರು ಆ ನೀಲಿಯನ್ನು ಕೊಲ್ಲಲು ಚಿತ್ರಕ್ಕೆಲ್ಲ ಹಳದಿ ಸುರಿಯುತ್ತದೆ. ಅದೇ ಇರಬೇಕು, ದೇವರೇ, ಅದೇ ಇರಲಿ.

ಬೇರೆ ಬಿಳಿ ಬೇಕಿತ್ತು. ಸ್ಟೀಲ್ ತಟ್ಟೆ ಆಗದು, ಅದು ಸುತ್ತಲಿನ ಬಣ್ಣವನ್ನೆಲ್ಲ ತನ್ನೊಳಗೆ ತೋರಿಸುತ್ತದೆ. ಗೋಡೆ ಆಗದು, ತಿಳಿ ಹಸಿರು ಬಳಿದಿದ್ದರು. ಬಲ್ಬಿನ ಪಕ್ಕದ ಬಿಳಿ ಆಗದು, ಬೆಳಕು ಹೆಚ್ಚಾಗಿ ಅಲ್ಲಿ ಬಣ್ಣವೇ ಸುಟ್ಟುಹೋಗಿರುತ್ತದೆ. ಮಣೆಯ ಮುಂದೆ ರಂಗೋಲಿ ಇತ್ತು. ಕಲ್ಲಿನ ಪುಡಿ, ನೀಲಿ ಕಾಣದ್ದು, ಹುಡುಗಿಯ ಮೇಲೆ ಬಿದ್ದ ಬೆಳಕೇ ಅದರ ಮೇಲೂ ಬಿದ್ದಿದೆ. ಅರಿಶಿನ ಕುಂಕುಮ ಉದುರದ ಒಂದು ದಪ್ಪ ಗೆರೆ ಹುಡುಕಿ ಒತ್ತಿದಳು.

ಚಿತ್ರ ಒಂದಿಷ್ಟು ತಣ್ಣಗಾಯಿತು, ಪಂಚೆಯಲ್ಲಿ ನೀಲಿಯ ಸುಳಿವು ಕಂಡಿತು. ಅವಳ ಲೆಕ್ಕ ಸರಿಯಾಗಿತ್ತು. ಆದರೆ ಹುಡುಗಿಯ ಕಣ್ಣು ಹಳದಿಯಾಗಿಯೇ ಉಳಿಯಿತು. ಮೌಸಿನ ಬಾಣವನ್ನು ರಂಗೋಲಿಯ ಮೇಲಿಟ್ಟರೆ ಕೆಂಪು, ಹಸಿರು, ನೀಲಿ ಮೂರೂ ಅಂಕಿ ಸಮ. ಆರತಿ ಹಿಡಿದ ಹೆಂಗಸಿನ ಕಣ್ಣಿನ ಮೇಲಿಟ್ಟರೆ ಹೆಚ್ಚುಕಡಿಮೆ ಸಮ. ಆಶಾರಾಣಿಯ ಕಣ್ಣಿನ ಮೇಲಿಟ್ಟರೆ ನೀಲಿಯ ಅಂಕಿ ಪಾತಾಳಕ್ಕೆ ಇಳಿಯುತ್ತಿತ್ತು. ನೀಲಿ ಇಳಿದಷ್ಟೂ ಹಳದಿ ಹೆಚ್ಚು.

ಹಿಂದಿನ ಹಳದಿ ಪರದೆಯ ಬಣ್ಣ ಮುಖಕ್ಕೆ ಹೊಡೆದಿರಬಹುದಲ್ಲವೇ? ಬಳೆ ತೊಡಿಸುವಾಗ ಹೊರಗಿನ ಜಗಲಿಯಲ್ಲಿ ತೆಗೆದ ಚಿತ್ರ ತೆರೆದಳು. ಅಲ್ಲಿ ಬಲ್ಬಿಲ್ಲ, ಪರದೆಯಿಲ್ಲ, ಅರಿಶಿನ ಹಚ್ಚುವ ಶಾಸ್ತ್ರ ಇನ್ನೂ ಆಗಿಲ್ಲ. ಹಗಲಿನ ಬೆಳಕು. ಹುಡುಗಿ ನಗುತ್ತಿದ್ದಳು, ಆದರೆ ನಗು ಯಾರೋ ಹೇಳಿ ನಗಿಸಿದ ಹಾಗಿತ್ತು, ಕಣ್ಣು ನಿದ್ದೆಗೆ ತೂಗುತ್ತಿತ್ತು. ಆ ಕಣ್ಣೂ ಹಳದಿ.

"ಕಾಮಾಲೆ," ಅಂದಳು ಶಿವಲೀಲಾ, ಯಾರಿಗೂ ಅಲ್ಲ.

"ಏನವ್ವಾ?" ಅಂದ ಹೊನ್ನೂರಪ್ಪ.

"ಈ ಹುಡುಗೀಗೆ ಕಾಮಾಲೆ ಆಗೇತ್ರಿ ಅಣ್ಣ. ಬಸುರಿಗೆ ಕಾಮಾಲೆ ಆದ್ರ ಜೀವಕ್ಕ ಸಂಚಕಾರ ಅಂತಾರಲ್ರಿ. ನಮ್ಮ ಓಣ್ಯಾಗ ಒಬ್ಬಾಕಿ ಹೋದ್ಲು, ಹೊಟ್ಟ್ಯಾಗಿನ ಕೂಸಿನ ಜೊತಿಗೇನಾ."

ಹೊನ್ನೂರಪ್ಪ ಬಂದು ನೋಡಿದ. ನಗು ಹೋಯಿತು. "ಹೇಳು ಮತ್ತ, ಫೋನ್ ಮಾಡು," ಅಂದ. ಮರುಗಳಿಗೆಗೆ, "ಆದ್ರ ಶುಭದ ಮನಿ, ಯವ್ವಾ. ಹುಷಾರು ಮಾತಾಡು," ಅಂದ.

ಯಾರಿಗೆ ಮಾಡುವುದು? ಅವಳ ಬಳಿ ಇದ್ದದ್ದು ರಘುನಾಥನ ನಂಬರೊಂದೇ. ಅವನು ಮೊದಲೇ ಹೇಳಿದ್ದ, ಎತ್ತಲ್ಲ ಅಂತ. ಮಾತಿಗೆ ತಪ್ಪದ ಮಹಾನುಭಾವ, ಎತ್ತಲಿಲ್ಲ. ಮಾಡಿದಳು, ಮಾಡಿದಳು, ಮಾಡುತ್ತಲೇ ಇದ್ದಳು. ಮೆಸೇಜು ಹಾಕಿದಳು, ನೋಡಲಿಲ್ಲ. ಮೇಲೆ ಮಿಷನ್ನುಗಳ ಸದ್ದು, ಕೆಳಗೆ ಪರದೆಯ ತುಂಬ ಆ ಎರಡು ಕಣ್ಣು. ಮುಚ್ಚಲೂ ಮನಸ್ಸಾಗದು, ನೋಡಲೂ ಆಗದು. ನಿನ್ನೆ ಇದೇ ಕಣ್ಣಿಗೆ ಬ್ರಷ್ ಓಡಿಸಿದಾಗ ಒಂದು ಗಳಿಗೆ ಯಾಕೆ ನೋಡಲಿಲ್ಲ ನಾನು, ನನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ ಅಂತ ತನ್ನನ್ನೇ ಬೈದುಕೊಂಡಳು.

ಕಡೆಗೂ ಅವನೇ ಮಾಡಿದ, ಸಿಡುಕುತ್ತಾ. ಹಿಂದೆ ಓಲಗ ಕೇಳುತ್ತಿತ್ತು.

"ಏನಮ್ಮ ನಿಂದು? ಇಷ್ಟ್ ಸಲ ಮಾಡ್ತಾರಾ? ಸೀರೆ ಬಣ್ಣಕ್ಕೆ ಯಾರಾದ್ರೂ ಇಷ್ಟೊಂದು ಬಡ್ಕಂತಾರಾ?"

"ಸೀರಿ ಅಲ್ರಿ ಅಣ್ಣ. ಆ ಹುಡುಗಿ ಕಣ್ಣು ಹಳದಿ ಅದಾವ್ರಿ. ಕಾಮಾಲೆ ಆಗೇತಿ. ಮನಿಯವರಿಗೆ ಹೇಳ್ರಿ, ಈಗಿಂದೀಗ್ಲೇ ದವಾಖಾನಿಗೆ ಕರ್ಕೊಂಡು ಹೋಗ್ಲಿ."

ರಘುನಾಥ್ ನಕ್ಕ. "ಕಾಮಾಲೆ ಕಣ್ಣಿಗೆ ಕಂಡಿದ್ದೆಲ್ಲ ಹಳದಿ ಅಂತ ಗಾದೆ ಐತೆ, ಕೇಳಿದ್ದೀಯಾ? ದಿನಾ ಹಳದಿ ತೆಗ್ದೂ ತೆಗ್ದೂ ನಿನಗೆ ಹಂಗಾಗೈತೆ. ಲೈಟ್ ಹಂಗಿತ್ತು ಕಣಮ್ಮ, ನಾನೇ ಹಾಕ್ಸಿದ್ದು."

"ಲೈಟ್ ಹಳದಿ ತೆಗದೀನ್ರಿ! ತೆಗದ ಮ್ಯಾಲೂ ಉಳದೈತ್ರಿ. ಬಾಜೂಕಿನಾಕಿ ಕಣ್ಣು ಬೆಳ್ಳಗದಾವ, ಈಕೀವು ಇಲ್ಲ. ಜಗಲಿ ಮ್ಯಾಗ ಬಿಸಿಲಿಗೆ ತೆಗದ ಫೋಟೋದಾಗೂ ಹಂಗಾ ಅದಾವ. ಲೈಟಿಂದಾದ್ರ ಎಲ್ಲಾರಿಗೂ ಹತ್ತಬೇಕಲ್ರಿ, ಒಬ್ಬಾಕಿಗೇ ಯಾಕ ಹತ್ತತೈತಿ?"

"ನೋಡಮ್ಮ," ರಘುನಾಥ್ ಧ್ವನಿ ತಗ್ಗಿಸಿದ, "ಶಾಸ್ತ್ರ ಮಾಡಿ ಒಂದಿನ ಆಗೈತೆ. ಸೊಸೆಗೆ ರೋಗ ಅಂತ ನಾನ್ ಹೇಳಿದ್ರೆ ಹುಡುಗಿ ಅತ್ತೆ ಆ ಪಾಪಕ್ಕ ನನ್ನ ಹೊಸಲು ತುಳಿಯಾಕೆ ಬಿಡ್ತಾಳಾ? ಆಯಮ್ಮನ ಬಾಯಿ ನಿನಗೆ ಗೊತ್ತಿಲ್ಲ. ಸುತ್ತ ಊರ್ಗೆಲ್ಲ ಸಾರ್ಬಿಡ್ತಾಳೆ."

"ನೀವ್ ಹೇಳಬ್ಯಾಡ್ರಿ. ನಂಬರ್ ಕೊಡ್ರಿ, ನಾನಾ ಹೇಳ್ತೀನಿ. ನಾ ತಪ್ಪಿದ್ರ ಬೈಸ್ಕೊಂತೀನಿ. ತಪ್ಪದಿದ್ರ, ಅಣ್ಣ... ನಿಮಗೂ ತಂಗೇರು ಅದಾರಲ್ರಿ."

ಅವನು ಏನೋ ಗೊಣಗಿ ಫೋನಿಟ್ಟ. ಹಾಳಾಗಿ ಹೋಗಲಿ ಅಂದುಕೊಳ್ಳುವಷ್ಟರಲ್ಲಿ ಗೋವರ್ಧನನ ನಂಬರು ಬಂತು.

ಗೋವರ್ಧನ್ ಊರಿನ ಗ್ರಾಮ ಸಚಿವಾಲಯದಲ್ಲಿ, ಅಂದರೆ ಪಂಚಾಯ್ತಿ ಆಫೀಸಿನಲ್ಲಿ, ಕೆಲಸಕ್ಕಿದ್ದ. ಮರ್ಯಾದೆಯಾಗಿ ಮಾತಾಡಿದ. ಅದೇ ಶಿವಲೀಲಾಗೆ ಇನ್ನಷ್ಟು ಕಷ್ಟವಾಯಿತು. ಸಿಟ್ಟು ಮಾಡಿದವರ ಜೊತೆ ಜಗಳವಾಡಬಹುದು, ನಗುನಗುತ್ತಾ ಮಾತಾಡುವವನಿಗೆ ನಿನ್ನ ಹೆಂಡತಿಗೆ ಹೀಗಾಗಿದೆ ಅಂತ ಹೇಗೆ ಹೇಳುವುದು? ಹೇಗೋ ಹೇಳಿದಳು.

"ಇಲ್ಲ ಮೇಡಂ, ಅವಳು ಚೆನ್ನಾಗೇ ಅವಳೆ. ಸುಸ್ತು ಅಷ್ಟೆ. ನಿನ್ನೆ ನೀವೇ ಕಳ್ಸಿದ್ರಲ್ಲ ಫೋಟೋ, ನಾನು ಸ್ಟೇಟಸ್ ಇಟ್ಟಿದೀನಿ. ಈಗ್ಲೂ ನೋಡ್ತಾ ಇದೀನಿ. ಕಣ್ಣು ಹಾಲು ಹಾಲಾಗವೆ!"

ಶಿವಲೀಲಾಳ ಕೈಯ ಕೆಲಸವೇ ಅವಳಿಗೆ ಎದುರು ಸಾಕ್ಷಿ ಹೇಳುತ್ತಿತ್ತು.

"ಆ ಬಿಳಿ ನಾನು ಬಳದಿದ್ದು ರೀ. ಚಂದ ಕಾಣಲಿ ಅಂತ ಎಲ್ಲಾರ ಕಣ್ಣಿಗೂ ಬಳೀತೀವಿ. ಆ ಫೋಟೋ ಸುಳ್ಳು. ಈಗ ಒಂದು ಕಳಿಸ್ತೀನಿ, ಅದು ಖರೆ. ಅದನ್ನ ನೋಡ್ರಿ."

ಕಳಿಸಿದಳು. ರಂಗೋಲಿಯಿಂದ ತಿದ್ದಿದ್ದು, ಬ್ರಷ್ ಮುಟ್ಟದ್ದು, ಹುಡುಗಿಯ ಕಣ್ಣೂ ಪಕ್ಕದ ಹೆಂಗಸಿನ ಕಣ್ಣೂ ಒಟ್ಟಿಗೆ ಕಾಣುವ ಹಾಗೆ ಕತ್ತರಿಸಿದ್ದು.

"ಸುಸ್ತು ಅಂದ್ರಲ್ರಿ," ಶಿವಲೀಲಾ ಮೆಲ್ಲಗೆ ಕೇಳಿದಳು, "ಊಟ ಮಾಡ್ತಾಳೇನ್ರಿ?"

"ಇಲ್ಲ. ವಾಂತಿ. ಬಸುರಿಗೆ ಇದ್ದಿದ್ದೇ ಅಂತ ಅವ್ವ..." ಅವನ ದನಿ ಬದಲಾಗಿತ್ತು. "ಬೆಳಗ್ಗಿಂದ ಮಲಗೇ ಅವಳೆ. ಎಬ್ಬಿಸಿದ್ರೆ ಹೂಂ ಅಂತಾಳೆ, ಮತ್ತೆ ಮಲಗ್ತಾಳೆ. ನಾನು ಮನೆಗೆ ಹೋಗ್ತೀನಿ ಮೇಡಂ. ಫೋನ್ ಇಡ್ಬೇಡಿ. ದಯವಿಟ್ಟು ಇಡ್ಬೇಡಿ."

ಗಾಡಿ ಸ್ಟಾರ್ಟಾದ ಸದ್ದು, ಗಾಳಿಯ ಸದ್ದು, ನಾಯಿ ಬೊಗಳಿದ್ದು, ಎಲ್ಲ ರಾಯದುರ್ಗದ ಸ್ಟುಡಿಯೋದೊಳಗೆ ಕೇಳುತ್ತಿತ್ತು. ಹೊನ್ನೂರಪ್ಪ ಕತ್ತರಿ ಕೆಳಗಿಟ್ಟು ಪಕ್ಕಕ್ಕೆ ಬಂದು ನಿಂತಿದ್ದ. ಆಮೇಲೆ ಒಂದು ಹೆಂಗಸಿನ ಗಟ್ಟಿ ದನಿ ಬಂತು, ಪಾಪಕ್ಕನದು.

"ಅದ್ಯಾವಳೋ ಫೋಟೋ ನೋಡಿ ರೋಗ ಹೇಳೋಳು? ಅವಳೇನು ಡಾಕ್ಟ್ರಮ್ಮನಾ, ಕೊರವಂಜಿನಾ? ನೋಡು, ನಾನೇ ನೋಡ್ತಾ ಇದೀನಲ್ಲ, ಏನೈತೆ ಕಣ್ಣಾಗೆ? ಚೆನ್ನಾಗೈತೆ!"

"ನಂಗೂ ಗೊತ್ತಾಗ್ತಿಲ್ಲ ಮೇಡಂ," ಗೋವರ್ಧನ್ ತೊದಲಿದ. "ನೋಡಿದ್ರೆ ಸರಿಯಾಗೇ ಕಾಣ್ತೈತೆ."

"ಯಾವ ಖೋಲಿ ರೀ? ಕಿಟಕಿ ಐತೇನು?"

"ಒಳಗಿನ ಕೋಣೆ. ಕಿಟಕಿ ಇಲ್ಲ. ಬಲ್ಬ್ ಐತೆ."

"ಹಳದಿ ಬಲ್ಬಾ?"

"ಹೂಂ. ನಿನ್ನೆ ಹಾಕಿದ್ದೇ."

"ಆ ಬೆಳಕಿನ್ಯಾಗ ಹಾಲೂ ಹಳದಿ, ಗೋಡೀನೂ ಹಳದಿ. ಎಲ್ಲಾನೂ ಹಳದಿ ಇದ್ದಾಗ ಕಣ್ಣು ಹಳದಿ ಅಂತ ಗೊತ್ತಾಗಂಗಿಲ್ರಿ, ನಮ್ಮ ಕಣ್ಣು ಅದನ್ನ ಕಳದು ಹಾಕತೈತಿ. ಹೊರಗ ಕರ್ಕೊಂಡು ಬರ್ರಿ. ಬಯಲಾಗ, ಬಿಸಿಲ ಬೆಳಕಿಗೆ. ಮುಖಕ್ಕ ಸೋಪು ಹಾಕಿ ಅರಿಶಿಣ ತೊಳೀರಿ. ಕೆಳಗಿನ ರೆಪ್ಪಿ ಇಳಿಸಿ ನೋಡ್ರಿ. ಅತ್ತಿಯವರನ್ನ ಬಾಜೂಕ ನಿಂದ್ರಸ್ರಿ, ಎರಡೂ ಕಣ್ಣು ಹೊಂದ್ಸಿ ನೋಡ್ರಿ. ಅಷ್ಟಾ. ಬ್ಯಾರೆ ಏನೂ ಕೇಳಲ್ಲ ನಾನು."

"ಮಟಮಟ ಮಧ್ಯಾಹ್ನ ಬಸುರಿ ಹೆಣ್ಣನ್ನ ಬಯಲಿಗೆ ತರ್ತಾರೇನೋ!" ಪಾಪಕ್ಕ ಕೂಗಿದಳು. "ಅದೂ ನಿನ್ನೆ ಆರತಿ ಎತ್ತಿದ ಹೆಣ್ಣನ್ನ! ಗಾಳಿ ಸೋಕಿದ್ರೆ ಯಾರು ಜವಾಬ್ದಾರಿ? ಆ ಫೋಟೋದೋಳು ಬತ್ತಾಳಾ?"

ಶಿವಲೀಲಾಗೆ ಎಲ್ಲಿಂದ ಧೈರ್ಯ ಬಂತೋ. "ಸ್ಪೀಕರ್ ಹಾಕ್ರಿ," ಅಂದಳು. ಹಾಕಿದ. "ಯಮ್ಮಾ, ಕೇಳ್ರಿ. ನಾ ಸುಳ್ಳಾದ್ರ ಬಸ್ ಹತ್ತಿ ನಿಮ್ಮೂರಿಗೆ ಬರ್ತೀನಿ. ನಿಮ್ಮ ಕಾಲು ಹಿಡಿತೀನಿ, ನಾಕು ಮಂದಿ ಮುಂದ ನೀವು ನನ್ನ ಹೊಡೀರಿ ಬೇಕಾದ್ರ. ಒಂದಾ ಒಂದು ಸಲ ಹೊರಗ ತಂದು ನೋಡ್ರಿ. ನಾ ಗೆಲ್ಲಾಕ ಹೇಳಾಕತ್ತಿಲ್ರಿ, ನಾ ಸೋಲ್ಲಿ ಅಂತ ಬೇಡಿಕೊಳ್ಳಾಕತ್ತೀನಿ."

ಏನೋ ಸರಿದ ಸದ್ದು, ಬಳೆಗಳ ಸದ್ದು, "ಏಳು ತಾಯಿ, ಮೆಲ್ಲಗೆ" ಅಂತ ಪಾಪಕ್ಕ ಅಂದದ್ದು. ಹುಡುಗಿಯ ದನಿ ಮೊದಲ ಸಲ ಕೇಳಿತು, ನಿದ್ದೆಯಲ್ಲಿ ಮಾತಾಡಿದ ಹಾಗೆ. "ಬಸ್ಸು ಬಂತಾ?"

"ಯಾವ ಬಸ್ಸು? ಆಶಾ, ಯಾವ ಬಸ್ಸು?"

"ಬಸ್ಸು ಬಂತಾ..."

ನೀರು ಎರಚಿದ ಸದ್ದು. ಬಕೆಟ್ಟು ಸರಿದ ಸದ್ದು. ಶಿವಲೀಲಾ ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದಳು, ಕಿವಿ ನೋಯುತ್ತಿತ್ತು. ಏನೂ ಇರಬಾರದು, ಬೈಯಲಿ, ಪಾಪಕ್ಕ ಬಾಯಿ ತುಂಬ ಬೈಯಲಿ.

ಬಂದದ್ದು ಬೈಗುಳವಲ್ಲ. "ಅಯ್ಯೋ ನನ್ ಕಂದಾ!" ಅಂತ ಒಂದು ಕೂಗು ಬಂತು, ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ದೂರದಿಂದ ಪಾಪಕ್ಕನ ದನಿ ಕೇಳುತ್ತಲೇ ಇತ್ತು. "ಮೈಗೆ ಬಂಗಾರದ ಬಣ್ಣ ಬಂದೈತೆ, ಬಸುರಿ ಕಳೆ ಅಂತ ನಾನೇ ದಿನಾ ದೃಷ್ಟಿ ತೆಗೀತಿದ್ನಲ್ಲೋ! ಹೆಂಗ್ಸರಿಗೆಲ್ಲ ತೋರ್ಸಿ ಹೇಳ್ಕಂಡ್ನಲ್ಲೋ!" ಯಾರೋ ಗಾಡಿ ತರಲು ಕೂಗಿದರು, ಯಾರೋ ಓಡಿದರು. ಸಂಪರ್ಕ ಕಡಿದುಹೋಯಿತು.

ಅವತ್ತು ಶಿವಲೀಲಾ ಬೇರೆ ಕೆಲಸ ಮುಟ್ಟಲಿಲ್ಲ. ಸಂಜೆಗೆ ರಘುನಾಥ್ ಫೋನ್ ಮಾಡಿದ, ಮೆತ್ತಗಾಗಿದ್ದ. ಮಡಕಶಿರಾದಲ್ಲಿ ನೋಡಿ ಹಿಂದೂಪುರಕ್ಕೆ ಕಳಿಸಿದರಂತೆ, ಅಲ್ಲಿಂದ ಅನಂತಪುರದ ದೊಡ್ಡಾಸ್ಪತ್ರೆಗೆ. ನೀರಿನಿಂದ ಬರುವ ಸೋಂಕು ಲಿವರಿಗೆ ತಾಗಿದೆ, ತಲೆಗೂ ಏರುತ್ತಿದೆ, ಅದಕ್ಕೇ ಆ ಮಂಪರು ಅಂದರಂತೆ. "ಏನೂ ಹೇಳಾಕಾಗಲ್ಲ ಅಂದ್ರಂತಮ್ಮ," ಅಂದ. ಕಾಮಾಲೆ ಕಣ್ಣಿನ ಗಾದೆಯ ಮಾತು ಇಬ್ಬರೂ ಎತ್ತಲಿಲ್ಲ.

ಮರುದಿನ ಸುದ್ದಿ ಇಲ್ಲ. ಅದರ ಮರುದಿನ ಬಂದದ್ದು, ಹೆರಿಗೆಯಾಯಿತು, ತಿಂಗಳು ತುಂಬದ ಕೂಸು, ಹೆಣ್ಣು, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ತಾಯಿಗೆ ಎಚ್ಚರವಿಲ್ಲ ಅಂತ. ಆಮೇಲೆ ಎಷ್ಟೋ ದಿನ ರಘುನಾಥ್ ಎತ್ತಿದರೂ "ಹಂಗೇ ಐತಂತೆ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಗೋವರ್ಧನನಿಗೆ ನೇರವಾಗಿ ಮಾಡಲು ಶಿವಲೀಲಾಗೆ ಧೈರ್ಯವಾಗಲಿಲ್ಲ. ಕೆಟ್ಟ ಸುದ್ದಿ ಹೇಳಿದ ಬಾಯಿ, ಮತ್ತೆ ಏನು ಕೇಳಲಿ ಅನ್ನಿಸುತ್ತಿತ್ತು. ಕೆಲಸವೇನೋ ನಡೆದಿತ್ತು. ಆದರೆ ಪ್ರತಿ ಚಿತ್ರದಲ್ಲೂ ಮೊದಲು ಕಣ್ಣು ದೊಡ್ಡದು ಮಾಡಿ ನೋಡುತ್ತಿದ್ದಳು. ಮದುಮಗಳ ಕಣ್ಣು, ಮದುಮಗನ ಕಣ್ಣು, ಅಡುಗೆಯವನ ಕಣ್ಣು ಸಹ. ಹೊನ್ನೂರಪ್ಪ, "ಹಿಂಗಾದ್ರ ಆಲ್ಬಂ ಮುಗಿಯೋದ್ರಾಗ ಈ ಮದುಮಕ್ಕಳ ಕೂಸಿನ ಮದುವೆ ಆಗತೈತವ್ವಾ," ಅಂತ ಗೊಣಗಿದ, ಆದರೆ ಅವಸರ ಮಾಡಲಿಲ್ಲ.

ಒಂದು ಮಧ್ಯಾಹ್ನ ರಘುನಾಥನ ಮೆಸೇಜು ಬಂತು. "ಆಶಾರಾಣಿದು ಒಂದು ಸಿಂಗಲ್ ಫೋಟೋ ಬೇಕಂತೆ. ಅರ್ಜೆಂಟು."

ಸ್ಟುಡಿಯೋದವರಿಗೆ ಈ ಮಾತಿನ ಅರ್ಥ ಗೊತ್ತು. ಗುಂಪಿನಿಂದ ಒಬ್ಬರನ್ನೇ ಕತ್ತರಿಸಿ, ಹಿಂದಿನದನ್ನು ಅಳಿಸಿ, ದೊಡ್ಡದು ಮಾಡಿ, ಅರ್ಜೆಂಟಾಗಿ ಕೊಡಿ ಅಂತ ಜನ ಬರುವುದು ಯಾವಾಗ ಅಂತ ಶಿವಲೀಲಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚೌಕಟ್ಟು, ಹಾರ, ಕೆಳಗೆ ಎರಡು ತಾರೀಕು. ಮೆಸೇಜನ್ನು ಹೊನ್ನೂರಪ್ಪನಿಗೆ ತೋರಿಸಿದಳು. ಅವನು ಓದಿ ಗೋಡೆಯ ಕಡೆ ಮುಖ ತಿರುಗಿಸಿದ.

ಅಳುತ್ತಲೇ ಗೋವರ್ಧನನಿಗೆ ಫೋನ್ ಹಚ್ಚಿದಳು. ಎತ್ತಿದ್ದು ಪಾಪಕ್ಕ.

"ಯಮ್ಮಾ... ನಾನು, ಫೋಟೋದಾಕಿ..."

"ಯಾಕಮ್ಮ ಅಳ್ತೀಯ?" ಪಾಪಕ್ಕ ಗಾಬರಿಯಾದಳು. "ನಾನೇ ಹೇಳಿದ್ದು ಆ ರಘುನಾಥ್‌ಗೆ, ಒಂದು ಫೋಟೋ ಕಳ್ಸು ಅಂತ. ಇವಳು ಒಂದೇ ಸಮ ಪ್ರಾಣ ತಿಂತಾ ಅವಳೆ. ಸೀಮಂತ ಆಗಿದ್ದೇ ನೆನಪಿಲ್ವಂತೆ ಕಣಮ್ಮ! ಸೀರೆ ಉಟ್ಟಿದ್ದೂ ನೆನಪಿಲ್ಲ, ಆರತಿ ಎತ್ತಿದ್ದೂ ನೆನಪಿಲ್ಲ. ನಾನೆಂಗ್ ಕಾಣ್ತಿದ್ದೆ ತೋರ್ಸಿ ಅಂತಾಳೆ."

ಶಿವಲೀಲಾಳ ಅಳು ನಿಲ್ಲಲಿಲ್ಲ, ಆದರೆ ಈಗ ಅದು ಬೇರೆ ಅಳು. "ಬದುಕ್ಯಾಳ್ರಿ!" ಅಂತ ಹೊನ್ನೂರಪ್ಪನ ಕಡೆ ಕೂಗಿದಳು. ಮೇಲಿನ ಮಿಷನ್ನಿನವರಿಗೂ ಕೇಳಿಸಿರಬೇಕು.

"ಕೂಸು ಚೆನ್ನಾಗೈತೆ. ಇವಳಿಗೆ ಇನ್ನೂ ಹಳದಿ ಪೂರ್ತಿ ಇಳಿದಿಲ್ಲ," ಪಾಪಕ್ಕ ದನಿ ತಗ್ಗಿಸಿದಳು. "ಅದಕ್ಕೇ ಹೇಳ್ತೀನಿ ತಾಯಿ. ಆವತ್ತಿನ ಕಣ್ಣು ನೋಡಿದ್ರೆ ಹೆದರ್ಕಂತಾಳೆ. ನೀನು ಮೊದ್ಲು ಮಾಡಿದ್ಯಲ್ಲ, ಹಾಲಿನಂಗೆ, ಹಂಗೆ ಮಾಡಿ ಕಳ್ಸು."

ಬಳಿಯುವುದು ಶಿವಲೀಲಾಗೆ ಒಂದು ಗಳಿಗೆಯ ಕೆಲಸ. ಆಗದು ಅನ್ನಲೂ ಮನಸ್ಸಿಲ್ಲ, ಆ ಬ್ರಷ್ ಮುಟ್ಟಲೂ ಕೈ ಬಾರದು. ಅಷ್ಟರಲ್ಲಿ ಆಚೆ ಫೋನು ಕೈ ಬದಲಾಯಿಸಿತು. ಸಣ್ಣ ದನಿ, ತೀರ ಬಳಲಿದ್ದು, ಆದರೆ ಎಚ್ಚರವಿದ್ದದ್ದು.

"ಅಕ್ಕಾ, ನಮ್ಮತ್ತೆ ಮಾತು ಕೇಳ್ಬೇಡಿ. ಇದ್ದಂಗೇ ಕಳ್ಸಿ. ನಿಮಗೆ ಏನು ಕಾಣ್ತೋ, ಅದು ನಂಗೂ ಕಾಣ್ಬೇಕು."

"ಕಳಿಸ್ತೀನವ್ವಾ," ಅಂದಳು ಶಿವಲೀಲಾ. ರಂಗೋಲಿಯಿಂದ ತಿದ್ದಿದ ಚಿತ್ರ ತೆರೆದು, ಏನನ್ನೂ ಮುಟ್ಟದೆ ಕಳಿಸಿದಳು.

ಆಚೆ ಪಾಪಕ್ಕ ಬಿಕ್ಕುವುದು ಕೇಳಿಸಿತು. ಆಶಾರಾಣಿ ಅತ್ತೆಗೆ ಸಮಾಧಾನ ಹೇಳುತ್ತಿದ್ದಳು. "ಅಳ್ಬೇಡಿ ಅತ್ತೆ, ನಾನಿಲ್ಲೇ ಇದೀನಲ್ಲ. ಸೀರೆ ಎಷ್ಟ್ ಚೆನ್ನಾಗೈತೆ ನೋಡಿ."